ಮಿನುಗುವ ಅಂಕಿ ಏನು ಕೇಳುತ್ತಿದೆ?

ಮಧ್ಯಾಹ್ನ ಹನ್ನೆರಡಕ್ಕೆ ತಾರೀಖು ಬದಲಿಸುವ ಡಿಜಿಟಲ್ ವಾಚು ಕೆಟ್ಟಿಲ್ಲ. ಬೆಳಗಿನ ಐದೂಕಾಲಿಗೆ ಏಳಿಸಬೇಕಾದದ್ದು ಸಂಜೆ ಐದೂಕಾಲಿಗೆ ಕೂಗಿದರೂ ಅದು ಕೆಟ್ಟಿಲ್ಲ. ತಾರೀಖು ಸರಿಯಿದ್ದು ವಾರ ಮಾತ್ರ ಒಂದು ದಿನ ಹಿಂದೆ ಬಿದ್ದಿದ್ದರೂ, ಡಿಸೆಂಬರ್ ಒಂದರಂದು ಮೂವತ್ತೊಂದು ಎಂದು ತೋರಿಸಿದರೂ ಅಷ್ಟೇ. ಇಂಥ ವಾಚುಗಳನ್ನು ರಿಪೇರಿ ಅಂಗಡಿಗೆ ಒಯ್ಯುವವರಿದ್ದಾರೆ, ಬೇಸತ್ತು ಡ್ರಾಯರಿಗೆ ಹಾಕುವವರೂ ಇದ್ದಾರೆ. ನಿಜವಾಗಿ ಆದದ್ದು ಇಷ್ಟೇ: ಹೊಂದಿಸುವಾಗ ವಾಚು ಒಂದು ಪ್ರಶ್ನೆ ಕೇಳಿತ್ತು, ಕೈ ಬೇರೊಂದು ಪ್ರಶ್ನೆಗೆ ಉತ್ತರ ಕೊಟ್ಟಿತು. ಆಮೇಲೆ ವಾಚು ಆ ಉತ್ತರವನ್ನೇ ನಂಬಿ, ಒಂದಿಷ್ಟೂ ತಪ್ಪದೆ ಲೆಕ್ಕ ನಡೆಸಿಕೊಂಡು ಬಂದಿದೆ. ಹಲವು ಬಟನ್, ಹಲವು ಮೋಡ್ ಇರುವ ಸ್ಪೋರ್ಟ್ಸ್ ವಾಚನ್ನು ಹೊಂದಿಸಲು ಬಟನ್ನುಗಳ ಕ್ರಮವನ್ನು ಬಾಯಿಪಾಠ ಮಾಡಬೇಕು ಎಂಬುದು ಸಾಮಾನ್ಯ ನಂಬಿಕೆ. ನನ್ನ ವಾದ ಬೇರೆ. ಬಟನ್ನಿಗಿಂತ ಮೊದಲು ಪರದೆಯನ್ನು ಓದಬೇಕು. ಪರದೆ ಓದಲು ಬಂದರೆ ಯಾವ ಕಂಪನಿಯ ವಾಚಾದರೂ ಕೈಗೆ ಬಗ್ಗುತ್ತದೆ, ತಪ್ಪಾದಾಗ ಎಲ್ಲಿ ತಪ್ಪಿತೆಂದೂ ತಿಳಿಯುತ್ತದೆ.

ಮುಳ್ಳಿನ ವಾಚಿಗೆ ಒಗ್ಗಿದ ಕೈಗೆ ಇದು ಯಾಕೆ ಕಷ್ಟ ಎಂಬುದನ್ನು ಮೊದಲು ನೋಡಬೇಕು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ತೊಡಗಿದ ಮೇಲೆ ನಮ್ಮ ಮನೆಗಳಲ್ಲಿ ವಾಚು ಎಂದರೆ ಪಕ್ಕದ ಕೀಲಿ. ಕೀಲಿ ತಿರುಗಿಸಿದರೆ ಜೀವ ಬರುತ್ತದೆ, ಹೊರಗೆ ಎಳೆದು ತಿರುಗಿಸಿದರೆ ಮುಳ್ಳು ಸರಿಯುತ್ತದೆ. ಒಂದೇ ಕೀಲಿ, ಕೈಯ ಚಲನೆ ಮುಳ್ಳಿನ ಚಲನೆಯಾಗಿ ಕಣ್ಣೆದುರಿಗೇ ಕಾಣುತ್ತದೆ. ಡಿಜಿಟಲ್ ವಾಚಿನ ಬಟನ್ನಿಗೆ ಹಾಗೆ ಒಂದೇ ಕೆಲಸ ಇಲ್ಲ. ಸಮಯ ತೋರಿಸುವಾಗ ದೀಪ ಹಚ್ಚುವ ಬಟನ್ನೇ ಹೊಂದಿಸುವಾಗ ಮುಂದಿನ ಅಂಕಿಗೆ ದಾಟಿಸುವ ಬಟನ್ ಆಗುತ್ತದೆ. ಸ್ಟಾಪ್‌ವಾಚನ್ನು ಓಡಿಸುವ ಬಟನ್ನೇ ಇನ್ನೊಂದು ಮೋಡಿನಲ್ಲಿ ತಾರೀಖು ಏರಿಸುತ್ತದೆ. ಹಾಗಾಗಿ ‘ಈ ಬಟನ್ ಏನು ಮಾಡುತ್ತದೆ’ ಎಂಬ ಪ್ರಶ್ನೆಗೆ ಒಂದು ಉತ್ತರ ಇಲ್ಲ. ‘ವಾಚು ಈಗ ಯಾವ ಮೋಡಿನಲ್ಲಿದೆ, ಯಾವ ಅಂಕಿ ಮಿನುಗುತ್ತಿದೆ’ ಎಂದು ಕೇಳಿಕೊಂಡರೆ ಮಾತ್ರ ಉತ್ತರ ಸಿಗುತ್ತದೆ.

ಮಾತು ಗಾಳಿಯಲ್ಲಿ ಉಳಿಯಬಾರದು, ಒಂದು ವಾಚನ್ನೇ ಕೈಗೆತ್ತಿಕೊಳ್ಳೋಣ. ಕ್ಯಾಸಿಯೊ ಎಫ್-91ಡಬ್ಲ್ಯು ಮಾರುಕಟ್ಟೆಗೆ ಬಂದದ್ದು 1989ರಲ್ಲಿ. ಅಗ್ಗದ, ಹಗುರವಾದ, ಕಪ್ಪು ಪಟ್ಟಿಯ ಆ ಸಣ್ಣ ವಾಚನ್ನು ನೋಡದವರು ಕಡಿಮೆ. ಅದಕ್ಕೆ ಮೂರು ಬಟನ್. ಎಡಗಡೆ ಮೇಲೆ ಲೈಟ್, ಎಡಗಡೆ ಕೆಳಗೆ ಮೋಡ್, ಬಲಗಡೆ ಒಂದು. ಮೋಡುಗಳು ನಾಲ್ಕು: ಸಮಯ, ಅಲಾರಂ, ಸ್ಟಾಪ್‌ವಾಚ್, ಕೊನೆಗೆ ಸಮಯ ಹೊಂದಿಸುವ ಮೋಡ್. ಮೋಡ್ ಬಟನ್ನನ್ನು ಒಮ್ಮೆ ಒತ್ತಿದರೆ ಮೇಲುಗಡೆ AL ಎಂದು ಕಾಣುತ್ತದೆ, ಎರಡನೆಯ ಸಲ ಒತ್ತಿದರೆ ST, ಮೂರನೆಯ ಸಲಕ್ಕೆ ಸೆಕೆಂಡಿನ ಅಂಕಿ ಮಿನುಗತೊಡಗುತ್ತದೆ. ನಾಲ್ಕನೆಯ ಸಲ ಒತ್ತಿದರೆ ಮತ್ತೆ ಮೊದಲಿನ ಸಮಯಕ್ಕೇ ಬಂದು ನಿಲ್ಲುತ್ತದೆ. ದಾರಿ ತಪ್ಪಿತೆಂದು ಅನಿಸಿದಾಗ ಮೋಡ್ ಬಟನ್ನನ್ನೇ ಒತ್ತುತ್ತ ಹೋದರೆ ಸಾಕು, ಚಕ್ರ ಸುತ್ತಿ ಮನೆಗೆ ಬರುತ್ತದೆ. ಬಲದ ಬಟನ್ನನ್ನು ಗಾಬರಿಯಲ್ಲಿ ಒತ್ತಬಾರದು, ಅಷ್ಟೇ. ಅಂಕಿಗಳನ್ನು ಬದಲಿಸುವುದು ಅದೊಂದೇ.

ಸೆಲ್ ಬದಲಿಸಿದ ಮೇಲೆ ವಾಚಿಗೆ ಹಳೆಯದು ಯಾವುದೂ ನೆನಪಿಲ್ಲ ಎಂದಿಟ್ಟುಕೊಳ್ಳಿ. ಇವತ್ತು 2026ರ ನವೆಂಬರ್ 1, ಭಾನುವಾರ, ರಾಜ್ಯೋತ್ಸವದ ದಿನ. ಸಮಯ ಸಂಜೆ 6 ಗಂಟೆ 42 ನಿಮಿಷಕ್ಕೆ ಹತ್ತಿರ. ಮೋಡ್ ಬಟನ್ನನ್ನು ಮೂರು ಸಲ ಒತ್ತಿ ಸೆಕೆಂಡು ಮಿನುಗುವ ತನಕ ಬಂದೆವು. ಇಲ್ಲಿಂದ ಲೈಟ್ ಬಟನ್ ಒಂದೊಂದು ಸಲ ಒತ್ತಿದಂತೆ ಮಿನುಗು ಒಂದೊಂದು ಮನೆ ದಾಟುತ್ತದೆ: ಸೆಕೆಂಡು, ಗಂಟೆ, ನಿಮಿಷ, ತಿಂಗಳು, ತಾರೀಖು, ವಾರ. ಆಮೇಲೆ ಮತ್ತೆ ಸೆಕೆಂಡು. ಒತ್ತಿದಾಗೆಲ್ಲ ದೀಪವೂ ಹತ್ತುವುದರಿಂದ ಕೆಲವರು ತಪ್ಪು ಬಟನ್ ಒತ್ತಿದೆವೆಂದು ಕೈ ಹಿಂದೆಗೆಯುತ್ತಾರೆ. ದೀಪವನ್ನು ನೋಡಬೇಡಿ, ಮಿನುಗು ಎಲ್ಲಿಗೆ ಹೋಯಿತು ಎಂಬುದನ್ನು ನೋಡಿ. ಬಲದ ಬಟನ್ ಮಿನುಗುವ ಅಂಕಿಯನ್ನು ಒಂದೊಂದಾಗಿ ಏರಿಸುತ್ತದೆ, ಒತ್ತಿ ಹಿಡಿದರೆ ಬೇಗ ಬೇಗ ಓಡಿಸುತ್ತದೆ. ಇಳಿಸುವ ಬಟನ್ ಈ ವಾಚಿಗಿಲ್ಲ. ಬೇಕಾದ ಅಂಕಿ ದಾಟಿಹೋದರೆ ಪೂರ್ತಿ ಸುತ್ತು ಹಾಕಿಯೇ ಬರಬೇಕು. ಹತ್ತಿರ ಬಂದಾಗ ಬೆರಳು ತೆಗೆದು ಒಂದೊಂದೇ ಒತ್ತುವುದು ಜಾಣತನ.

ಗಂಟೆಯ ಮನೆಯಲ್ಲಿ ಆರು ಕಂಡ ಕೂಡಲೇ ನಿಲ್ಲಿಸುವವರೇ ಹೆಚ್ಚು. ದೊಡ್ಡ ತಪ್ಪು ಹುಟ್ಟುವುದು ಇಲ್ಲೇ. ಹನ್ನೆರಡು ಗಂಟೆಯ ಲೆಕ್ಕದಲ್ಲಿ ಆರು ದಿನಕ್ಕೆ ಎರಡು ಸಲ ಬರುತ್ತದೆ, ಅವೆರಡನ್ನು ಬೇರೆ ಮಾಡುವುದು ಪರದೆಯ ಅಂಚಿನಲ್ಲಿ ಕಾಳಿನಷ್ಟು ಸಣ್ಣದಾಗಿ ಕಾಣುವ PM ಮಾತ್ರ. ನಮಗೆ ಬೇಕಾದದ್ದು ಸಂಜೆಯ ಆರು, ಅಂದರೆ PM ಇರುವ ಆರು. ಅದಿಲ್ಲದ ಆರಕ್ಕೆ ನಿಲ್ಲಿಸಿದಿರಿ ಎನ್ನಿ. ವಾಚಿನ ಮಟ್ಟಿಗೆ ಈಗ ಭಾನುವಾರದ ಬೆಳಗು. ನಿಜವಾದ ನಡುರಾತ್ರಿ ಆದಾಗ ಅದಕ್ಕೆ ಮಧ್ಯಾಹ್ನ. ಸೋಮವಾರ ಬೆಳಗ್ಗೆ ನೋಡಿದರೆ ಇನ್ನೂ ಭಾನುವಾರ, ಒಂದನೇ ತಾರೀಖು. ‘ತಾರೀಖು ಹಿಂದೆ ಬಿದ್ದಿದೆ’ ಎಂದುಕೊಂಡು ಮತ್ತೆ ಮೋಡಿಗೆ ಹೋಗಿ ಸೋಮವಾರ, ಎರಡು ಎಂದು ಸರಿಪಡಿಸುತ್ತೀರಿ. ಮಧ್ಯಾಹ್ನ ಹನ್ನೆರಡಾಗುತ್ತಲೇ ವಾಚಿಗೆ ನಡುರಾತ್ರಿಯಾಗುತ್ತದೆ, ತಾರೀಖು ಮೂರು, ಮಂಗಳವಾರ. ಈಗ ಅದು ಮುಂದೆ ಓಡುತ್ತಿದೆ ಎಂದು ತೋರುತ್ತದೆ. ಬೆಳಗ್ಗೆ ಹಿಂದೆ ಇದ್ದದ್ದು ಮಧ್ಯಾಹ್ನಕ್ಕೆ ಮುಂದೆ ಹೋದರೆ ಯಾರಾದರೂ ವಾಚೇ ಕೆಟ್ಟಿದೆ ಎನ್ನುತ್ತಾರೆ. ತಾರೀಖಿನಲ್ಲಿ ದೋಷವೇ ಇರಲಿಲ್ಲ. ಅದನ್ನು ಮುಟ್ಟಿದ್ದರಿಂದ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂತಿತು.

ನನ್ನ ವಾದಕ್ಕೆ ಇದೇ ದೊಡ್ಡ ಆಧಾರ. ವಾಚಿನೊಳಗೆ ಗಂಟೆಗೊಂದು, ತಾರೀಖಿಗೊಂದು, ಅಲಾರಂಗೊಂದು ಎಂದು ಬೇರೆ ಬೇರೆ ಗಡಿಯಾರ ಇಲ್ಲ. ಒಂದು ಸಣ್ಣ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ, ಅದೇ ವಾಚಿನ ಒಂದು ಸೆಕೆಂಡು. ಸೆಕೆಂಡು ಅರವತ್ತಾದರೆ ನಿಮಿಷ, ನಿಮಿಷ ಅರವತ್ತಾದರೆ ಗಂಟೆ, ಗಂಟೆ ಇಪ್ಪತ್ನಾಲ್ಕಾದರೆ ತಾರೀಖೂ ವಾರವೂ ಒಂದೊಂದು ಹೆಜ್ಜೆ. ಮೇಲಿನ ಮನೆಯಲ್ಲಿ ಕಂಡ ದೋಷಕ್ಕೆ ಕಾರಣ ಕೆಳಗಿನ ಮನೆಯಲ್ಲಿರಬಹುದು. ಆದ್ದರಿಂದ ತಾರೀಖು ತಪ್ಪಾಗಿದ್ದರೆ ತಾರೀಖನ್ನು ಮುಟ್ಟುವ ಮುಂಚೆ, ಅದು ಯಾವ ಹೊತ್ತಿಗೆ ಬದಲಾಗುತ್ತದೆ ಎಂದು ನೋಡಬೇಕು. ನಡುರಾತ್ರಿಗೆ ಬದಲಾಗುತ್ತಿದ್ದರೆ ದೋಷ ತಾರೀಖಿನದು, ತಿದ್ದಬಹುದು. ಮಧ್ಯಾಹ್ನಕ್ಕೆ ಬದಲಾಗುತ್ತಿದ್ದರೆ ದೋಷ ಗಂಟೆಯದು.

ಈ ಗೊಂದಲವೇ ಬೇಡ ಎನ್ನುವವರಿಗೆ ಸುಲಭದ ದಾರಿಯೊಂದಿದೆ: ಹೊಂದಿಸುವಷ್ಟು ಹೊತ್ತು ವಾಚನ್ನು ಇಪ್ಪತ್ನಾಲ್ಕು ಗಂಟೆಯ ಲೆಕ್ಕಕ್ಕೆ ತಿರುಗಿಸಿಕೊಳ್ಳುವುದು. ಎಫ್-91ಡಬ್ಲ್ಯು ವಾಚಿನಲ್ಲಿ ಸಮಯ ಕಾಣುತ್ತಿರುವಾಗ ಬಲದ ಬಟನ್ನನ್ನು ಒಮ್ಮೆ ಒತ್ತಿದರೆ ಸಾಕು, 24H ಎಂಬ ಗುರುತು ಬಂದು 6:42 ಇದ್ದದ್ದು 18:42 ಆಗುತ್ತದೆ. ಸಂಜೆ ಎಂದು ನೀವಂದುಕೊಂಡದ್ದು ವಾಚಿಗೂ ಸಂಜೆಯೇ ಹೌದೋ ಅಲ್ಲವೋ ಎಂಬುದು ಇದರಲ್ಲಿ ಮುಚ್ಚಿಡಲಾಗದಂತೆ ಕಾಣುತ್ತದೆ. ಈ ಲೆಕ್ಕ ನಮ್ಮವರಿಗೆ ರೂಢಿಯಿಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ರೈಲು ಟಿಕೆಟ್ಟಿನಲ್ಲಿ 21:15 ಎಂದಿದ್ದರೆ ರಾತ್ರಿ ಒಂಬತ್ತೂಕಾಲು ಎಂದು ಓದಿಕೊಳ್ಳಲು ನಮ್ಮ ಪ್ರಯಾಣಿಕರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆಲಸ ಮುಗಿದ ಮೇಲೆ ಅದೇ ಬಟನ್ ಒತ್ತಿ ಹನ್ನೆರಡರ ಲೆಕ್ಕಕ್ಕೆ ಮರಳಬಹುದು. ಇದೇ ಬಟನ್ ತೋಳಿಗೋ ಚೀಲಕ್ಕೋ ತಗುಲಿ ತಾನಾಗಿ ಒತ್ತಿಹೋಗುವುದೂ ಉಂಟು. ಇದ್ದಕ್ಕಿದ್ದಂತೆ ವಾಚು 17:20 ಎಂದು ತೋರಿಸಿದರೆ ಹೆದರಬೇಕಿಲ್ಲ, ಆದದ್ದು ಅಷ್ಟೇ.

ಸೆಕೆಂಡಿನ ಮಾತು ಸ್ವಲ್ಪ ಸೂಕ್ಷ್ಮ. ಉಳಿದ ಮನೆಗಳಲ್ಲಿ ಬಲದ ಬಟನ್ ಅಂಕಿ ಏರಿಸಿದರೆ ಸೆಕೆಂಡಿನ ಮನೆಯಲ್ಲಿ ಅದು ಸೊನ್ನೆಗೆ ಇಳಿಸುತ್ತದೆ. ವಾಚು ಅಲ್ಲೊಂದು ತೀರ್ಮಾನವನ್ನೂ ಮಾಡುತ್ತದೆ. ಒತ್ತಿದ ಗಳಿಗೆಯಲ್ಲಿ ಸೆಕೆಂಡು 30ಕ್ಕಿಂತ ಕಡಿಮೆ ಇದ್ದರೆ, ವಾಚು ಸ್ವಲ್ಪ ಮುಂದೆ ಓಡಿತ್ತು ಎಂದು ತಿಳಿದು ನಿಮಿಷವನ್ನು ಹಾಗೇ ಬಿಡುತ್ತದೆ. 30ರಿಂದ 59ರ ನಡುವೆ ಇದ್ದರೆ, ಹಿಂದೆ ಬಿದ್ದಿತ್ತು ಎಂದು ತಿಳಿದು ನಿಮಿಷಕ್ಕೆ ಒಂದು ಕೂಡಿಸುತ್ತದೆ. ದಿನಬಳಕೆಯಲ್ಲಿರುವ ವಾಚಿಗೆ ಇದು ಬಹಳ ಒಳ್ಳೆಯ ಏರ್ಪಾಡು, ಹತ್ತಿಪ್ಪತ್ತು ಸೆಕೆಂಡಿನ ವ್ಯತ್ಯಾಸವನ್ನು ಒಂದೇ ಒತ್ತಿಗೆ ಸರಿಪಡಿಸಬಹುದು. ಹೊಸದಾಗಿ ಹೊಂದಿಸುವಾಗ ಮಾತ್ರ ಎಡವಿಸುತ್ತದೆ. ನಿಮಿಷದ ಮನೆಯಲ್ಲಿ 42 ಇಟ್ಟು, ಸುತ್ತಿ ಬಂದು, ಸರಿಯಾಗಿ 6:42 ಆದ ಗಳಿಗೆಗೆ ಸೆಕೆಂಡನ್ನು ಸೊನ್ನೆ ಮಾಡುತ್ತೀರಿ. ಆಗ ವಾಚಿನ ಸೆಕೆಂಡು 50 ಇದ್ದರೆ ಅದು 6:43 ಆಗಿಬಿಡುತ್ತದೆ. ಎಷ್ಟು ಎಚ್ಚರದಿಂದ ಹೊಂದಿಸಿದರೂ ಒಂದು ನಿಮಿಷ ಮುಂದೆ ಇರುತ್ತದೆ ಎನ್ನುವವರ ವಾಚಿನಲ್ಲಿ ನಡೆದಿರುವುದು ಇದೇ. ಒತ್ತಿದ ಮೇಲೆ ಒಮ್ಮೆ ನಿಮಿಷದ ಮನೆಯನ್ನು ನೋಡಿ ತಿದ್ದಿಕೊಂಡರೆ ಮುಗಿಯಿತು. ಸೊನ್ನೆ ಮಾಡಲು ಫೋನಿನ ಗಡಿಯಾರ ಸಾಕು, ಆಕಾಶವಾಣಿ ವಾರ್ತೆಗೆ ಮುಂಚಿನ ಪಿಪ್ ಸದ್ದಾದರೂ ಸರಿ. ಈ ವಾಚಿಗೆ ಕಂಪನಿಯೇ ಹೇಳಿರುವ ನಿಖರತೆ ತಿಂಗಳಿಗೆ 30 ಸೆಕೆಂಡು ಆಚೀಚೆ. ತಿಂಗಳಿಗೊಮ್ಮೆ ಸೊನ್ನೆ ಮಾಡುತ್ತಿದ್ದರೆ ಅರ್ಧ ನಿಮಿಷದ ಮಿತಿ ದಾಟುವ ಭಯವಿಲ್ಲ.

ಇನ್ನು ತಿಂಗಳು. ಎಫ್-91ಡಬ್ಲ್ಯು ಸಮಯ ತೋರಿಸುವಾಗ ವಾರವನ್ನೂ ತಾರೀಖನ್ನೂ ತೋರಿಸುತ್ತದೆ, ತಿಂಗಳನ್ನು ತೋರಿಸುವುದಿಲ್ಲ. ತಿಂಗಳು ಕಾಣುವುದು ಹೊಂದಿಸುವ ಮೋಡಿನಲ್ಲಿ ಮಾತ್ರ. ಅವಸರದಲ್ಲಿ 11ರ ಬದಲು 10 ಇಟ್ಟರೆ ಆ ತಪ್ಪು ನವೆಂಬರ್ ಪೂರ್ತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮೂವತ್ತನೇ ತಾರೀಖಿನ ರಾತ್ರಿ ಅದು ಹೊರಗೆ ಬರುತ್ತದೆ. ಅಕ್ಟೋಬರಿಗೆ ಮೂವತ್ತೊಂದು ದಿನ ಎಂದು ವಾಚಿಗೆ ಗೊತ್ತು, ಹಾಗಾಗಿ ಡಿಸೆಂಬರ್ 1, ಮಂಗಳವಾರದಂದು ಪರದೆಯಲ್ಲಿ TU ಎಂಬುದರ ಪಕ್ಕ 31 ಇರುತ್ತದೆ. ವಾರ ಸರಿ, ತಾರೀಖು ತಪ್ಪು. ಅದನ್ನು 1 ಎಂದು ತಿದ್ದಿ ಸುಮ್ಮನಾದರೆ ವಾಚಿನಲ್ಲಿ ಇನ್ನೂ ಅಕ್ಟೋಬರ್ ತಿಂಗಳೇ, ಮುಂದೊಂದು ತಿಂಗಳ ಕೊನೆಗೆ ಮತ್ತೆ ಇದೇ ಗೋಳು. ತಿಂಗಳ ಮೊದಲ ದಿನವೇ ತಾರೀಖು ಕೈಕೊಟ್ಟರೆ ತಾರೀಖಿನ ಮನೆಗಿಂತ ಒಂದು ಮನೆ ಹಿಂದೆ ನಿಂತು ತಿಂಗಳನ್ನು ನೋಡಬೇಕು.

ಈ ವಾಚಿಗೆ ವರ್ಷ ಎಂಬ ಮನೆಯೇ ಇಲ್ಲ. ಆದ್ದರಿಂದ ವಾರವನ್ನು ನಾವೇ ಹೇಳಬೇಕು, ಹೇಳಿದ ಮೇಲೆ ಏಳು ದಿನಗಳನ್ನು ಅದು ತಾನಾಗಿ ಸುತ್ತಿಸುತ್ತದೆ. ನಾಲ್ಕು ಬಟನ್ನಿನ, ಸ್ವಲ್ಪ ಹೆಚ್ಚು ಬೆಲೆಯ ಸ್ಪೋರ್ಟ್ಸ್ ವಾಚುಗಳಲ್ಲಿ ಇದು ತಲೆಕೆಳಗು. ಅಲ್ಲಿ ವರ್ಷದ ಮನೆ ಇರುತ್ತದೆ, ವಾರದ ಮನೆ ಇರುವುದಿಲ್ಲ. ವರ್ಷ, ತಿಂಗಳು, ತಾರೀಖು ಕೊಟ್ಟರೆ ವಾರವನ್ನು ವಾಚೇ ಲೆಕ್ಕ ಹಾಕುತ್ತದೆ. ತಾರೀಖೂ ತಿಂಗಳೂ ಸರಿಯಿದ್ದು ವಾರ ಮಾತ್ರ ತಪ್ಪಾಗಿ, ಅದನ್ನು ಬದಲಿಸುವ ಬಟನ್ ಎಲ್ಲಿದೆ ಎಂದು ಗಂಟೆಗಟ್ಟಲೆ ಹುಡುಕುವವರು ಇಲ್ಲದ ಬಾಗಿಲನ್ನು ತಟ್ಟುತ್ತಿದ್ದಾರೆ. ತಪ್ಪಿರುವುದು ವರ್ಷ. ಎಷ್ಟು ತಪ್ಪಿದೆ ಎಂಬುದನ್ನೂ ವಾರವೇ ಸೂಚಿಸುತ್ತದೆ. ನವೆಂಬರ್ 1 ಎಂಬ ಒಂದೇ ತಾರೀಖು 2024ರಲ್ಲಿ ಶುಕ್ರವಾರ, 2025ರಲ್ಲಿ ಶನಿವಾರ, 2026ರಲ್ಲಿ ಭಾನುವಾರ, 2027ರಲ್ಲಿ ಸೋಮವಾರ. ವರ್ಷಕ್ಕೊಂದು ವಾರ ಮುಂದೆ. ನಡುವೆ ಫೆಬ್ರುವರಿ 29 ಬಂದರೆ ಎರಡು ವಾರ ಜಿಗಿತ, 2028ರಲ್ಲಿ ಅದು ಬುಧವಾರ. ವಾಚು ಒಂದು ದಿನ ಹಿಂದಿನ ವಾರ ತೋರಿಸುತ್ತಿದ್ದರೆ ಮೊದಲು ಸಂಶಯಿಸಬೇಕಾದದ್ದು ಕಳೆದ ವರ್ಷ ಹಾಗೇ ಉಳಿದಿದೆಯೇ ಎಂದು.

ವಾರ ಸರಿಯಿದೆ ಎಂದ ಮಾತ್ರಕ್ಕೆ ವರ್ಷವೂ ಸರಿ ಎಂದು ಹೇಳುವಂತಿಲ್ಲ. 2015ರ ಕ್ಯಾಲೆಂಡರು 2026ರದ್ದಕ್ಕೆ ದಿನದಿನಕ್ಕೂ ಹೊಂದುತ್ತದೆ. ಸೆಲ್ ಬದಲಿಸಿದ ಮೇಲೆ ವಾಚಿನಲ್ಲಿ 2015 ಉಳಿದುಹೋದರೆ 2026 ಇಡೀ ವರ್ಷ ವಾರದಲ್ಲಾಗಲಿ ತಾರೀಖಿನಲ್ಲಾಗಲಿ ಒಂದು ತಪ್ಪೂ ಸಿಗದು. ಮರುವರ್ಷದ ಫೆಬ್ರುವರಿ ಕಳೆದಾಗ ಗುಟ್ಟು ಬಯಲಾಗುತ್ತದೆ. ವಾಚಿನ ಲೆಕ್ಕಕ್ಕೆ ಅದು 2016, ಅಧಿಕ ವರ್ಷ. ಹೊರಗೆ 2027ರ ಮಾರ್ಚ್ 1, ಒಳಗೆ ಫೆಬ್ರುವರಿ 29. ಆದ್ದರಿಂದ ಇಂಥ ವಾಚಿನಲ್ಲಿ ವರ್ಷವನ್ನು ಊಹಿಸಿಕೊಳ್ಳದೆ, ಮಿನುಗು ಆ ಮನೆಗೆ ಬಂದಾಗ ನಾಲ್ಕೂ ಅಂಕಿಗಳನ್ನು ಕಣ್ಣಾರೆ ಓದಬೇಕು.

ವರ್ಲ್ಡ್ ಟೈಮ್ ಇರುವ ವಾಚಾದರೆ ಇನ್ನೂ ಒಂದು ಮನೆ ಎಲ್ಲಕ್ಕಿಂತ ಮೊದಲು ಬರಬೇಕು, ನಿಮ್ಮ ಊರು. ಕ್ಯಾಸಿಯೊದಲ್ಲಿ ಭಾರತಕ್ಕೆ DEL ಎಂಬ ದೆಹಲಿಯ ಗುರುತು. ವಾಚು TYO, ಅಂದರೆ ಟೋಕಿಯೊದಲ್ಲಿ ಇರುವಾಗಲೇ ಬೆಂಗಳೂರಿನ ಸಮಯವನ್ನು ಹೊಂದಿಸಿಬಿಟ್ಟು, ಆಮೇಲೆ ಊರನ್ನು DEL ಮಾಡಿದರೆ ಸಮಯ ಮೂರೂವರೆ ಗಂಟೆ ಹಿಂದಕ್ಕೆ ಸರಿಯುತ್ತದೆ. ಆ ಎರಡು ಊರುಗಳ ಅಂತರ ಅಷ್ಟು. ಗಂಟೆಯಷ್ಟೇ ಅಲ್ಲದೆ ನಿಮಿಷವೂ ಅರ್ಧ ಗಂಟೆಯಷ್ಟು ತಪ್ಪಿದ್ದರೆ ಊರನ್ನು ನೋಡಿ. ಸರಿಯಾಗಿ ಒಂದು ಗಂಟೆ ಮುಂದಿದ್ದರೆ DST ಎಂಬ ಗುರುತನ್ನು ನೋಡಿ. ಅದು ಬೇಸಿಗೆಯಲ್ಲಿ ಗಡಿಯಾರವನ್ನು ಮುಂದೂಡುವ ದೇಶಗಳಿಗೆ ಬೇಕಾದದ್ದು, ಭಾರತದಲ್ಲಿ ಅದು ಆಫ್ ಇರಬೇಕು.

ಅಲಾರಂಗೆ ಬರೋಣ. ಜನ ವಾಚನ್ನು ಬೈಯುವುದು ಹೆಚ್ಚಾಗಿ ಇದೇ ವಿಷಯಕ್ಕೆ. ಎಫ್-91ಡಬ್ಲ್ಯು ವಾಚಿನಲ್ಲಿ ಮೋಡ್ ಒಮ್ಮೆ ಒತ್ತಿದರೆ AL. ಅಲ್ಲಿ ಲೈಟ್ ಬಟನ್ ಒತ್ತಿದರೆ ಅಲಾರಂನ ಗಂಟೆ ಮಿನುಗುತ್ತದೆ, ಬಲದ ಬಟನ್ನಿನಿಂದ ಐದಕ್ಕೆ ತರುವುದು. ಈ ಐದರ ಪಕ್ಕ PM ಇರಕೂಡದು. ಮತ್ತೆ ಲೈಟ್ ಒತ್ತಿ ನಿಮಿಷವನ್ನು 15 ಮಾಡಿ, ಇನ್ನೊಮ್ಮೆ ಲೈಟ್ ಒತ್ತಿದರೆ ಮಿನುಗು ನಿಲ್ಲುತ್ತದೆ. ಬೆಳಗಿನ ಐದೂಕಾಲು ಹೊಂದಿತು, ಆದರೆ ಕೆಲಸ ಇನ್ನೂ ಮುಗಿದಿಲ್ಲ. ಅಲಾರಂಗೆ ಎರಡು ಸಂಗತಿ ಬೇಕು: ಯಾವ ಹೊತ್ತು ಎಂಬುದು ಒಂದು, ಕೂಗಬೇಕೋ ಬೇಡವೋ ಎಂಬುದು ಇನ್ನೊಂದು. ಎರಡನೆಯದನ್ನು ತೀರ್ಮಾನಿಸುವುದು, ಏನೂ ಮಿನುಗದೆ AL ಕಾಣುತ್ತಿರುವಾಗ ಒತ್ತುವ ಬಲದ ಬಟನ್. ಒಂದೊಂದು ಒತ್ತಿಗೂ ಗುರುತುಗಳು ಬದಲಾಗುತ್ತವೆ: ಅಲಾರಂ ಮಾತ್ರ, ಗಂಟೆಗೊಮ್ಮೆ ಬೀಪ್ ಮಾತ್ರ, ಎರಡೂ, ಎರಡೂ ಇಲ್ಲ. ಕ್ಯಾಸಿಯೊದ ಹಲವು ವಾಚುಗಳಲ್ಲಿ ಗಂಟೆಯ ಆಕಾರದ ಚಿತ್ರ ಅಲಾರಂಗಲ್ಲ, ಗಂಟೆಗೊಮ್ಮೆ ಬರುವ ಬೀಪಿಗೆ. ಅಲಾರಂಗೆ ಇರುವುದು ಸದ್ದಿನ ಅಲೆಯಂತೆ ಬಿಡಿಸಿದ ಗೆರೆಗಳು. ಫೋನಿನಲ್ಲಿ ಗಂಟೆಯ ಚಿತ್ರ ನೋಡಿ ಅಭ್ಯಾಸವಾದವರು ಅದನ್ನೇ ಇಲ್ಲಿಯೂ ನಂಬಿ ಮಲಗುತ್ತಾರೆ. ರಾತ್ರಿಯಿಡೀ ಗಂಟೆಗೊಮ್ಮೆ ಚುಟುಕಾಗಿ ಸದ್ದಾಗುತ್ತದೆ, ಬೆಳಗ್ಗೆ ಐದೂಕಾಲಿಗೆ ಸದ್ದೇ ಇಲ್ಲ. ಇಂಥ ಬೆಳಗಿನ ಮೇಲೆ ಪರೀಕ್ಷೆಯೋ ಬಸ್ಸೋ ನಿಂತಿರುತ್ತದೆ ಎಂಬುದನ್ನು ನೆನೆದರೆ ಈ ಸಣ್ಣ ಚಿತ್ರವನ್ನು ಗಮನಿಸುವುದು ಸಣ್ಣ ಮಾತಲ್ಲ. ಸಂಶಯವಿದ್ದರೆ ಪರೀಕ್ಷಿಸುವುದೂ ಸುಲಭ: ಅಲಾರಂ ಅನ್ನು ಈಗಿನ ಸಮಯಕ್ಕಿಂತ ಎರಡು ನಿಮಿಷ ಮುಂದಕ್ಕೆ ಇಟ್ಟು, ಸಮಯದ ಮೋಡಿಗೆ ಮರಳಿ, ಕಾದು ನೋಡಿ. ಕೂಗಿದರೆ ಗುರುತು ಸರಿ, PM ಕೂಡ ಸರಿ. ಆ ಮೇಲೆ ಬೇಕಾದ ಹೊತ್ತಿಗೆ ಬದಲಿಸಿ. ಇದು ಕೂಗುವುದು 20 ಸೆಕೆಂಡು ಮಾತ್ರ, ಗಾಢ ನಿದ್ದೆಯವರು ಇದೊಂದನ್ನೇ ನೆಚ್ಚಬಾರದು.

ವರ್ಷ ತಿಳಿದ ವಾಚುಗಳ ಅಲಾರಂ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಜಿ-ಶಾಕ್ ಸರಣಿಯ ಡಿಡಬ್ಲ್ಯು-5600ಇ ವಾಚಿನಂಥವುಗಳಲ್ಲಿ ಅಲಾರಂಗೆ ಗಂಟೆ, ನಿಮಿಷದ ಜೊತೆ ತಿಂಗಳು, ತಾರೀಖಿನ ಮನೆಗಳೂ ಇರುತ್ತವೆ. ಅವೆರಡನ್ನೂ ಖಾಲಿ, ಅಂದರೆ ಅಂಕಿಯ ಬದಲು ಅಡ್ಡಗೆರೆ ಬಿಟ್ಟರೆ ಅಲಾರಂ ದಿನಾ ಕೂಗುತ್ತದೆ. ತಾರೀಖು ಮಾತ್ರ ಕೊಟ್ಟರೆ ಪ್ರತಿ ತಿಂಗಳು ಆ ತಾರೀಖಿಗೆ, ತಿಂಗಳು ಮಾತ್ರ ಕೊಟ್ಟರೆ ಆ ತಿಂಗಳ ಪ್ರತಿ ದಿನ, ಎರಡೂ ಕೊಟ್ಟರೆ ಆ ಒಂದು ದಿನ. ಬಾಡಿಗೆ, ಕಂತು ಕಟ್ಟುವ ದಿನ ನೆನಪಿಸಲು ಒಳ್ಳೆಯ ಅನುಕೂಲ. ಆದರೆ ತಿಂಗಳು, ತಾರೀಖು ಖಾಲಿ ಬಿಟ್ಟರೆ ಅಲಾರಂ ಅಪೂರ್ಣ ಎಂದು ಭಾವಿಸಿ ಇವತ್ತಿನ ತಾರೀಖನ್ನು ತುಂಬಿದವರ ವಾಚು ಆ ಒಂದು ದಿನಕ್ಕೆ ಬದ್ಧವಾಗಿ, ನಾಳೆಯಿಂದ ಮೌನವಾಗುತ್ತದೆ. ಇಲ್ಲಿ ಖಾಲಿ ಬಿಡುವುದೂ ಒಂದು ಉತ್ತರ.

ವಾಚಿಗೊಂದು ಕ್ರಮವಿರುವಾಗ ಎಲ್ಲಕ್ಕೂ ಒಂದೇ ಓದು ಹೇಗೆ ಸಾಲುತ್ತದೆ ಎಂದು ಕೇಳಬಹುದು. ಕ್ರಮ ಬೇರೆ ಎಂಬುದು ನಿಜ. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಕೆಲವು ನಾಲ್ಕು ಬಟನ್ನಿನ ವಾಚುಗಳಲ್ಲಿ ಮೋಡ್ ಮೂರು ಸಲ ಒತ್ತಿದರೆ ಹೊಂದಿಸುವ ಮನೆ ಬರುತ್ತದೆ. ಡಿಡಬ್ಲ್ಯು-5600ಇ ವಾಚಿನಲ್ಲಿ ಎಡಮೇಲಿನ ಬಟನ್ನನ್ನು ಅಂಕಿ ಮಿನುಗುವ ತನಕ ಒತ್ತಿ ಹಿಡಿಯಬೇಕು, ಆಮೇಲೆ ಮೋಡ್ ಬಟನ್ ಮನೆ ದಾಟಿಸುತ್ತದೆ, ಬಲಗಡೆಯ ಎರಡರಲ್ಲಿ ಒಂದು ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ. ಬಟನ್ನಿನ ಜಾಗ, ಹೆಸರು ಎಲ್ಲ ಬದಲಾದರೂ ಮಾಡುವ ಕೆಲಸ ಮೂರೇ: ಹೊಂದಿಸುವ ಸ್ಥಿತಿಗೆ ಹೋಗುವುದು, ಮಿನುಗನ್ನು ಮುಂದೆ ದಾಟಿಸುವುದು, ಮಿನುಗುವುದನ್ನು ಬದಲಿಸುವುದು. ಹೊಸ ವಾಚು ಕೈಗೆ ಬಂದಾಗ ಈ ಮೂರು ಕೆಲಸ ಯಾವ ಬಟನ್ನುಗಳದ್ದು ಎಂದು ಎರಡು ನಿಮಿಷ ಒತ್ತಿ ನೋಡಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಬಿಡಿಸಿಕೊಳ್ಳದಿದ್ದರೆ ವಾಚಿನ ಬೆನ್ನು ನೋಡಿ. ಕ್ಯಾಸಿಯೊದವರು ಅಲ್ಲಿ ಸಣ್ಣ ಚೌಕದೊಳಗೆ ಒಂದು ಸಂಖ್ಯೆ ಕೊರೆದಿರುತ್ತಾರೆ, ಮಾಡ್ಯೂಲ್ ನಂಬರು. ಎಫ್-91ಡಬ್ಲ್ಯು ವಾಚಿಗೆ ಅದು 593. ಪೆಟ್ಟಿಗೆಯೊಳಗಿನ ಕಾಗದ ಕಳೆದುಹೋಗಿದ್ದರೂ ಆ ಸಂಖ್ಯೆಯ ಮೇಲೆ ಸರಿಯಾದ ಕೈಪಿಡಿ ಸಿಗುತ್ತದೆ. ಮಾಡೆಲ್ ಹೆಸರಿಗಿಂತ ಆ ಸಂಖ್ಯೆಯೇ ನಂಬಿಗಸ್ತ, ಯಾಕೆಂದರೆ ಒಂದೇ ಬಗೆಯ ಹೊರಮೈಯೊಳಗೆ ಬೇರೆ ಬೇರೆ ಮಾಡ್ಯೂಲ್ ಇರುವುದುಂಟು.

ಫೋನು ತಾನಾಗಿ ಸಮಯ ಸರಿಮಾಡಿಕೊಳ್ಳುವ ಕಾಲದಲ್ಲಿ ಇಷ್ಟೆಲ್ಲ ಯಾಕೆ ಎಂಬ ಆಕ್ಷೇಪವೂ ಇದೆ. ಫೋನಿಗೆ ನೆಟ್‌ವರ್ಕು ಹೇಳಿಕೊಡುತ್ತದೆ, ಈ ವಾಚಿಗೆ ಹೇಳಿಕೊಡುವವರು ನಾವು ಮಾತ್ರ. ರೇಡಿಯೊ ಸಂಕೇತ ಹಿಡಿದು ತಾವೇ ಸರಿಹೋಗುವ ದುಬಾರಿ ವಾಚುಗಳೂ ಇವೆ, ಆದರೆ ಅವು ಕಿವಿಗೊಡುವ ಪ್ರಸಾರ ಕೇಂದ್ರಗಳಿರುವುದು ಜಪಾನ್, ಚೀನಾ, ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ. ಭಾರತದಲ್ಲಿ ಅಂಥ ಕೇಂದ್ರ ಇಲ್ಲದ್ದರಿಂದ ಅಂಥ ವಾಚು ಕೊಂಡವರೂ ಇಲ್ಲಿ ಕೈಯಿಂದಲೇ ಹೊಂದಿಸಬೇಕಾಗುತ್ತದೆ. ಅಂಗಡಿಯವರೇ ಹೊಂದಿಸಿ ಕೊಡುತ್ತಾರಲ್ಲ ಎನ್ನುವವರು ಅವರು ಹೊಂದಿಸುವುದು ಸಾಮಾನ್ಯವಾಗಿ ಗಂಟೆ, ನಿಮಿಷ, ತಾರೀಖು ಎಂಬುದನ್ನು ಗಮನಿಸಬೇಕು. ಗಿರಾಕಿ ಎದುರಿಗಿರುವಾಗ ಕಾಣುವುದು ಅಷ್ಟೇ. ಕಾಣದ ತಿಂಗಳು, ವರ್ಷ, ಅಲಾರಂನ PM ಇವುಗಳನ್ನು ಮನೆಗೆ ಬಂದು ಒಮ್ಮೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ವರ್ಷವೇ ತಿಳಿಯದ ಎಫ್-91ಡಬ್ಲ್ಯು ಎಷ್ಟೇ ಚೆನ್ನಾಗಿ ಹೊಂದಿಸಿದರೂ ಒಂದು ದಿನ ತಪ್ಪಲೇಬೇಕು. ಫೆಬ್ರುವರಿ ಎಂದರೆ ಅದಕ್ಕೆ ಯಾವಾಗಲೂ 28 ದಿನ. 2028ರ ಫೆಬ್ರುವರಿ 29, ಮಂಗಳವಾರ, ಪರದೆಯಲ್ಲಿ 1 ಎಂದಿರುತ್ತದೆ. ಮರುದಿನ, ಮಾರ್ಚ್ 1, ಬುಧವಾರ, 2 ಎಂದಿರುತ್ತದೆ. ವಾರ ಎರಡೂ ದಿನ ಸರಿಯಾಗಿಯೇ ಇರುತ್ತದೆ, ಅದನ್ನು ಮುಟ್ಟಬೇಡಿ. ಮೋಡ್ ಮೂರು ಸಲ, ಲೈಟ್ ನಾಲ್ಕು ಸಲ ಒತ್ತಿ, ಮಿನುಗುತ್ತಿರುವುದು ತಾರೀಖೇ ಎಂದು ನೋಡಿಕೊಂಡು ಬಲದ ಬಟನ್ನನ್ನು ಒತ್ತಿ ಹಿಡಿಯಿರಿ. 31 ದಾಟಿ 1 ಬಂದಾಗ ಬೆರಳು ತೆಗೆದು, ಮೋಡ್ ಒಮ್ಮೆ ಒತ್ತಿ.